ಒಂದು ‘ಹಾಗೆ’ಯ ಸುತ್ತ

ಅಪ್ಪ ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ ಆಕೆ ಒಂದು ಕವಿತೆ ಬರೆದಳು. 22 ಸಾಲು, ಅದರಲ್ಲಿ 9 ಕಡೆ ‘ಹಾಗೆ’. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ್ದ ಮೇಷ್ಟ್ರು ನಿವೃತ್ತರಾಗಿ ಅದೇ ಬೀದಿಯಲ್ಲಿದ್ದರು. ಕಾಗದ ಹಿಡಿದು ಅವರ ಜಗಲಿಗೆ ಹೋದಳು.

ಮೇಷ್ಟ್ರು ಕನ್ನಡಕ ಏರಿಸಿ ಓದಿದರು. ಒಂದು ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದರು: ‘ಮನೆಯಲ್ಲಿ ಮೌನ ಮೊಸರಿನ ಹಾಗೆ ಹೆಪ್ಪುಗಟ್ಟಿತ್ತು.’

“ಹೆಪ್ಪುಗಟ್ಟಿತು ಅಂದಮೇಲೆ ಮೊಸರು ತಾನಾಗಿ ಬಂತಲ್ಲಮ್ಮ. ಮತ್ತೆ ಹೆಸರು ಹಿಡಿದು ಯಾಕೆ ಕೂಗ್ತೀಯ?”

ಉಪಮೇಯ, ಉಪಮಾನ, ಸಮಾನಧರ್ಮ, ವಾಚಕಪದ ಎಂದು ಉಪಮೆಗೆ ನಾಲ್ಕು ಅಂಗ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರುದಿನವೇ ಎಲ್ಲರೂ ಮರೆಯುವ ಪಾಠ ಅದು. ಅವಳ ಸಾಲಿನಲ್ಲಿ ಸಮಾನಧರ್ಮವನ್ನು ಕ್ರಿಯಾಪದವೇ ಹೊತ್ತಿತ್ತು. ಮೊಸರೆಂದು ಬಿಡಿಸಿ ಹೇಳಿದ ಕೂಡಲೇ ಓದುವವನ ಕಣ್ಣು ಅಡುಗೆಮನೆಯ ಪಾತ್ರೆಗೆ ಹೋಗುತ್ತದೆ, ಮೌನ ಅಲ್ಲೇ ಉಳಿಯುತ್ತದೆ. ‘ಮನೆಯಲ್ಲಿ ಮೌನ ಹೆಪ್ಪುಗಟ್ಟಿತ್ತು’ ಎಂದು ಓದಿಕೊಂಡಳು. ಸಾಲು ಗಟ್ಟಿಯಾಗಿತ್ತು.

ಇಷ್ಟಕ್ಕೇ ನಿಲ್ಲಬಹುದಿತ್ತು. ಮನೆಗೆ ಬಂದವಳು ಆ ಉತ್ಸಾಹದಲ್ಲಿ ಉಳಿದ ‘ಹಾಗೆ’ಗಳನ್ನೂ ಕಿತ್ತುಹಾಕಿದಳು. ಕನ್ನಡದಲ್ಲಿ ಅದು ಬಹಳ ಸುಲಭ. ಎರಡು ನಾಮಪದ ಪಕ್ಕಪಕ್ಕ ಇಟ್ಟರೆ ಸಾಕು, ರೂಪಕ ಸಿದ್ಧ. ‘ಅಪ್ಪ ಗಡಿಯಾರದ ಹಾಗೆ ಎಂಟಕ್ಕೆ ಊಟಕ್ಕೆ ಕೂರುತ್ತಿದ್ದ’ ಎಂಬುದು ‘ಅಪ್ಪ ಗಡಿಯಾರ, ಎಂಟಕ್ಕೆ ಊಟ’ ಎಂದಾಯಿತು. ಚುರುಕಾಗಿದೆ ಎಂದುಕೊಂಡಳು.

ರಾತ್ರಿ ಅಮ್ಮ ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಗೋಡೆಯ ಕಡೆ ನೋಡಿ ಕೇಳಿದರು: “ನಿಮ್ಮಪ್ಪನ್ನ ಮೊಳೆಗೆ ನೇತುಹಾಕಿದೀವಿ ಅಂತ ಬರೆದಿದೀಯೇನೇ?”

ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇತ್ತು. ಪಕ್ಕದಲ್ಲೇ ಗಡಿಯಾರ.

ಮರುದಿನ ಮೇಷ್ಟ್ರು ಇದನ್ನು ಕೇಳಿ ನಗಲಿಲ್ಲ. “ಯಾವುದರಲ್ಲಿ ಹಾಗೆ ಅಂತ ಕೇಳಿಕೋ. ಹೊತ್ತಿಗೆ ಸರಿಯಾಗಿ ಬರೋದರಲ್ಲಿ ಮಾತ್ರ ಅನ್ನೋದಾದರೆ ‘ಹಾಗೆ’ ಇರಲಿ, ಅದು ಬೇಲಿ. ಬೇಲಿ ಕಿತ್ತರೆ ಗಡಿಯಾರದ ಮೊಳೆ, ಕೀಲಿ, ನಿಂತುಹೋಗೋದು ಎಲ್ಲಾ ಒಳಗೆ ನುಗ್ಗುತ್ತೆ. ನುಗ್ಗಲಿ ಅನ್ನಿಸಿದರೆ ಮಾತ್ರ ಕೀಳು” ಎಂದರು. ಕುಮಾರವ್ಯಾಸನನ್ನು ರೂಪಕ ಸಾಮ್ರಾಜ್ಯ ಚಕ್ರವರ್ತಿ ಎನ್ನುತ್ತಾರೆ, ಆದರೂ ಅವನ ಕಾವ್ಯದಲ್ಲಿ ಉಪಮೆಗೇನೂ ಬರವಿಲ್ಲ ಎಂದೂ ಸೇರಿಸಿದರು. ಮೇಷ್ಟ್ರು ಕುಮಾರವ್ಯಾಸನಿಲ್ಲದೆ ಮಾತು ಮುಗಿಸಿದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿಲ್ಲ.

ಆಕೆ ಒಂದೊಂದು ಸಾಲನ್ನೂ ಕೇಳುತ್ತ ಕೂತಳು. ಕೊನೆಗೆ 4 ‘ಹಾಗೆ’ ಉಳಿದವು. ಗಡಿಯಾರದ್ದು ಅವುಗಳಲ್ಲಿ ಒಂದು. ಶುದ್ಧಪ್ರತಿ ಬರೆದು ಅಮ್ಮನ ಕೈಗೆ ಕೊಟ್ಟಳು.

ಅಮ್ಮ ಓದಿ ತಲೆಯಾಡಿಸಿದರು. “ಈಗ ಸರಿ ಇದೆ. ಆದರೆ ಎಂಟಕ್ಕಲ್ಲ ಕಣೇ, ಎಂಟೂಕಾಲಿಗೆ. ರೇಡಿಯೋ ವಾರ್ತೆ ಮುಗಿಯದೆ ಅವರು ಏಳ್ತಾನೇ ಇರಲಿಲ್ಲ.”