ಪೀಠದ ಪ್ರಶ್ನೆ

ಕಾನೂನು ಕಾಲೇಜುಗಳಲ್ಲಿ ಅಣಕು ನ್ಯಾಯಾಲಯವೆಂಬ ಸ್ಪರ್ಧೆ ನಡೆಯುವುದುಂಟು. ಕಲ್ಪಿತ ಮೊಕದ್ದಮೆಯೊಂದನ್ನು ಮುಂಚಿತವಾಗಿಯೇ ಕೊಟ್ಟಿರುತ್ತಾರೆ. ವಿದ್ಯಾರ್ಥಿಗಳು ವಕೀಲರಂತೆ ನಿಂತು ವಾದಿಸುತ್ತಾರೆ. ನ್ಯಾಯಪೀಠದಲ್ಲಿ ಕುಳಿತ ಹಿರಿಯರು ನಡುನಡುವೆ ತಡೆದು ಪ್ರಶ್ನೆ ಕೇಳುತ್ತಾರೆ. ವಾದ ಸೋಲುವುದು ಬಹುಮಟ್ಟಿಗೆ ಈ ಪ್ರಶ್ನೆಗಳಲ್ಲಿಯೇ.

ಕ್ಯಾತ್ಸಂದ್ರದಿಂದ ತುಮಕೂರಿಗೆ ನಿತ್ಯವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ತನ್ನ ವಾದವನ್ನೆಲ್ಲ ಬಾಯಿಪಾಠ ಮಾಡಿದ್ದಳು. ತಾಲೀಮಿನ ದಿನ ಮೊದಲ ಪ್ರಶ್ನೆ ಬಿದ್ದೊಡನೆ ಅವಳ ಮಾತು ನಿಂತುಹೋಯಿತು. ಸ್ಪರ್ಧೆಯಿಂದ ಹೆಸರು ತೆಗೆಸಿಬಿಡಬೇಕೆಂದು ಅವಳು ನಿಶ್ಚಯಿಸಿದ್ದಾಗ, ತರಬೇತಿ ನೀಡುತ್ತಿದ್ದ ಹಿರಿಯ ವಕೀಲರಿಂದ ಒಂದು ಪತ್ರ ಬಂದಿತು.

"ಚಿರಂಜೀವಿಗೆ ಆಶೀರ್ವಾದಗಳು.

ಮಗು, ಅಂದು ನಿನಗೆ ಉತ್ತರ ತಿಳಿದಿರಲಿಲ್ಲವೆಂದಲ್ಲ. ಬಾಯಿಪಾಠದ ದಾರ ತುಂಡಾಯಿತು, ಅಷ್ಟೆ. ಆ ಹನ್ನೆರಡು ಹಾಳೆಗಳನ್ನು ಮನೆಯಲ್ಲಿಯೇ ಬಿಡು. ಒಂದೇ ಹಾಳೆಯಲ್ಲಿ ನಿನ್ನ ಮೂರು ವಾದಾಂಶಗಳನ್ನು ಬರೆ. ಪ್ರತಿಯೊಂದರ ಕೆಳಗೂ, ಯಾವ ಪ್ರಶ್ನೆ ಬಾರದಿದ್ದರೆ ಸಾಕೆಂದು ನೀನು ಹಾರೈಸುವೆಯೋ ಅದನ್ನೇ ಬರೆದು, ಉತ್ತರವನ್ನು ಸಿದ್ಧಮಾಡಿಕೊ.

ನ್ಯಾಯಾಧೀಶರು ಬಾಯಿ ತೆರೆದೊಡನೆ, ಪದದ ನಡುವೆ ಇದ್ದರೂ ಸರಿಯೆ, ನಿಲ್ಲಿಸಿಬಿಡು. ಪ್ರಶ್ನೆ ಪೂರ್ತಿಯಾಗುವವರೆಗೆ ಕೇಳು. ಅರ್ಧ ಕೇಳಿ ಉತ್ತರಿಸುವವರು ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಒಂದು ಉಸಿರಿನಷ್ಟು ತಡೆದು, ಮೊದಲು 'ಹೌದು' ಅಥವಾ 'ಇಲ್ಲ' ಎನ್ನು. ಅನಂತರ ಕಾರಣ, ಆಮೇಲೆ ಆಧಾರ. 'ಅದನ್ನು ಮುಂದೆ ವಿವರಿಸುವೆನು' ಎನ್ನಬೇಡ. ಪೀಠಕ್ಕೆ ಬೇಕಾಗಿರುವುದು ಈಗಿನ ಉತ್ತರ.

ನಿನ್ನ ಮೊಕದ್ದಮೆ ವಂತಿಗೆ ಹಣದ್ದು. ನೀನು ನೆಚ್ಚಿರುವುದು ಮೋಹಿನಿ ಜೈನ್ ಪ್ರಕರಣವನ್ನು. ಅದು ನಮ್ಮ ತುಮಕೂರಿನಲ್ಲಿಯೇ ಹುಟ್ಟಿದ ಮೊಕದ್ದಮೆ. ಮೀರತ್ತಿನ ಆ ವಿದ್ಯಾರ್ಥಿನಿ ಇಲ್ಲಿನ ಖಾಸಗಿ ವೈದ್ಯಕೀಯ ಕಾಲೇಜೊಂದಕ್ಕೆ ಅರ್ಜಿ ಹಾಕಿದ್ದಳು. 1989ರ ಸರ್ಕಾರಿ ಅಧಿಸೂಚನೆಯಂತೆ ಸರ್ಕಾರಿ ಸೀಟಿನವರಿಗೆ ವರ್ಷಕ್ಕೆ 2,000 ರೂಪಾಯಿ ಶುಲ್ಕವಿದ್ದರೆ, ಹೊರರಾಜ್ಯದವರಿಗೆ 60,000 ರೂಪಾಯಿಯವರೆಗೆ ಇತ್ತು. ತಂದೆಗೆ ಅಷ್ಟು ಕೊಡುವ ಶಕ್ತಿಯಿರಲಿಲ್ಲ, ಸೀಟು ತಪ್ಪಿತು. 1992ರ ಜುಲೈ 30ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠವು ಶಿಕ್ಷಣವು ಮೂಲಭೂತ ಹಕ್ಕು, ವಂತಿಗೆ ವಸೂಲಿಯು ಅದರ ನಿರಾಕರಣೆ ಎಂದು ತೀರ್ಪಿತ್ತಿತು.

ಪೀಠವು ನಿನ್ನನ್ನು ಹೀಗೆ ಕೇಳುವುದು ಖಂಡಿತ: 'ಈ ತೀರ್ಪು ಇಂದಿಗೂ ಪೂರ್ತಿಯಾಗಿ ಊರ್ಜಿತವೇ?' ಅಂದು ನೀನು 'ಹೌದು' ಎಂದು ಆರಂಭಿಸಿ ಸಿಕ್ಕಿಬಿದ್ದೆ. ಹೀಗೆ ಹೇಳು: 'ಪೂರ್ತಿಯಾಗಿ ಇಲ್ಲ, ಮಹಾಸ್ವಾಮಿ. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರ ಪೀಠವು ಉಚಿತ ಶಿಕ್ಷಣದ ಹಕ್ಕನ್ನು 14 ವಯಸ್ಸಿನವರೆಗೆ ಸೀಮಿತಗೊಳಿಸಿತು. ಆಮೇಲಿನದು ರಾಜ್ಯದ ಆರ್ಥಿಕ ಶಕ್ತಿಗೆ ಒಳಪಟ್ಟದ್ದು ಎಂದಿತು. ಆ ಪೀಠ ರೂಪಿಸಿದ ಪ್ರವೇಶ ಯೋಜನೆಯನ್ನು 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದ ಹನ್ನೊಂದು ಜನರ ಪೀಠ ತಳ್ಳಿಹಾಕಿತು. ಆದರೆ ವಂತಿಗೆಯನ್ನು ಈ ಎರಡು ಪೀಠಗಳೂ ಒಪ್ಪಲಿಲ್ಲ. ನನ್ನ ವಾದ ನಿಂತಿರುವುದು ಅಷ್ಟರ ಮೇಲೆಯೇ.' ನೋಡು, ಬಿಟ್ಟುಕೊಟ್ಟದ್ದರಿಂದಲೇ ಉಳಿದದ್ದು ಗಟ್ಟಿಯಾಯಿತು.

ಎಲ್ಲವನ್ನೂ ಬಿಟ್ಟುಕೊಡುವ ಹಾಗಿಲ್ಲ. 'ಕಾಲೇಜು ನಡೆಸಲು ಹಣ ಬೇಡವೇ?' ಎಂದರೆ ಬೇಕೆಂದು ಒಪ್ಪು. 'ಹಾಗಾದರೆ ಎಷ್ಟಾದರೂ ಕೇಳಬಹುದಲ್ಲವೇ?' ಎಂದರೆ ಒಪ್ಪಬೇಡ. ಒಪ್ಪಿದ ಮೇಲೂ ನಿನ್ನ ಪ್ರಾರ್ಥನೆ ಉಳಿಯುತ್ತದೆಯೇ ಎಂದು ಮನಸ್ಸಿನಲ್ಲಿ ನೋಡು. ಮೊದಲನೆಯದರಲ್ಲಿ ಉಳಿಯುತ್ತದೆ, ಎರಡನೆಯದರಲ್ಲಿ ಅಳಿಯುತ್ತದೆ. ಇಂಥ ಪ್ರಶ್ನೆಗಳು ಮೆತ್ತಗೆ, ನಗುಮುಖದಿಂದಲೇ ಬರುತ್ತವೆ. ಗದರಿಸಿ ಕೇಳುವ ಪ್ರಶ್ನೆಗಿಂತ ಇವೇ ಅಪಾಯಕಾರಿ.

'ಕೊನೆಗೆ ಆಕೆಗೆ ಸೀಟು ಸಿಕ್ಕಿತೇ?' ಎಂದೂ ಕೇಳಿಯಾರು. ಸಿಗಲಿಲ್ಲ. ಆಕೆಯ ಹೆಸರಿನ ತೀರ್ಪು ದೇಶಕ್ಕೆಲ್ಲ ನಿಯಮವಾಯಿತು, ಆಕೆಗೆ ಮಾತ್ರ ಪರಿಹಾರ ದೊರೆಯಲಿಲ್ಲ. ಇದನ್ನು ಮರೆಮಾಚದೆ ಹೇಳು. ತೀರ್ಪನ್ನು ಕೊನೆಯ ಪುಟದವರೆಗೆ ಓದಿದವರಾರು, ಸಾರಾಂಶವನ್ನಷ್ಟೇ ನೋಡಿದವರಾರು ಎಂಬುದು ಪೀಠಕ್ಕೆ ತಿಳಿಯುವುದು ಈ ಬಗೆಯ ಪ್ರಶ್ನೆಯಿಂದಲೇ.

ನಿಜವಾಗಿಯೂ ತಿಳಿಯದಿದ್ದರೆ 'ತಿಳಿಯದು, ಕ್ಷಮಿಸಬೇಕು' ಎಂದು ಹೇಳಿ ಮುಂದೆ ಸಾಗು. ಊಹಿಸಿ ಹೇಳಿದೆಯೋ, 'ಯಾವ ಪುಟದಲ್ಲಿದೆ?' ಎಂಬ ಮರುಪ್ರಶ್ನೆ ಕಾದಿರುತ್ತದೆ. ಉತ್ತರ ಮುಗಿದ ಮೇಲೆ ಸುಮ್ಮನೆ ನಿಲ್ಲಬೇಡ. 'ಇದು ನನ್ನ ಎರಡನೆಯ ಅಂಶಕ್ಕೆ ಸೇರಿದ್ದು' ಎಂದು ಅಲ್ಲಿಂದಲೇ ವಾದವನ್ನು ಹಿಡಿದುಕೊ. ಹಾಳೆಯಲ್ಲಿನ ಕ್ರಮ ತಪ್ಪಿದರೆ ಚಿಂತೆಯಿಲ್ಲ.

ಶನಿವಾರ ಸಂಜೆ ನಾಲ್ಕಕ್ಕೆ ಬಾ. ನನ್ನ ಇಬ್ಬರು ಸಹೋದ್ಯೋಗಿಗಳು ಪೀಠದಲ್ಲಿ ಕುಳಿತುಕೊಳ್ಳುತ್ತಾರೆ. ನಿನ್ನನ್ನು ಎರಡು ವಾಕ್ಯ ಕೂಡಿಸಿ ಹೇಳಲು ಬಿಡಬಾರದೆಂದು ಅವರಿಗೆ ಹೇಳಿದ್ದೇನೆ. ಮೂರು ತೀರ್ಪುಗಳ ಪ್ರತಿಗಳನ್ನೂ ಗುರುತಿನ ಚೀಟಿಯಿಟ್ಟು ತರುವುದು."

ಅವಳು ಪತ್ರವನ್ನು ಎರಡು ಬಾರಿ ಓದಿದಳು. ಆಮೇಲೆ ಮೋಹಿನಿ ಜೈನ್ ತೀರ್ಪನ್ನು ತೆಗೆದು, ಕೊನೆಯ ಪುಟದಿಂದ ಓದಲಾರಂಭಿಸಿದಳು.