ನಿಯಾನ್ ಹಿಡಿದ ಎರಡು ದಾರಿ

● ನಿಂತಲ್ಲೇ ನಿಂತ ಆವೇಶದ ಮೇಲೆ ಕಾಂತಕ್ಷೇತ್ರ ಬಲ ಹಾಕುವುದೇ ಇಲ್ಲ. ಆವೇಶ ಕ್ಷೇತ್ರವನ್ನು ಅಡ್ಡ ಹಾಯುವಾಗ ಮಾತ್ರ ಬಲ ಬೀಳುತ್ತದೆ, ಅದೂ ಚಲನೆಗೆ ಅಡ್ಡಲಾಗಿ. ಹಾಗಾಗಿ ವೇಗ ಏರದು, ಇಳಿಯದು, ದಾರಿಯಷ್ಟೇ ಬಾಗುತ್ತದೆ. ಕ್ಷೇತ್ರ ಎಲ್ಲೆಡೆ ಒಂದೇ ಸಮನಾಗಿದ್ದು, ಅಯಾನು ಅದಕ್ಕೆ ಲಂಬವಾಗಿ ಹೊಕ್ಕರೆ ದಾರಿ ವೃತ್ತವಾಗುತ್ತದೆ. ತ್ರಿಜ್ಯ:

r = mv/qB

● ಇಲ್ಲೇ ನನಗೊಂದು ತೊಡಕು. ಹಗುರ ಅಯಾನು ಜೋರಾಗಿ ಬಂದು, ಭಾರದ್ದು ನಿಧಾನವಾಗಿ ಬಂದರೆ ಇಬ್ಬರಿಗೂ mv ಒಂದೇ ಆಗಬಹುದು. ಆಗ ಇಬ್ಬರೂ ಸುತ್ತುವುದು ಒಂದೇ ವೃತ್ತ. ಹಾಗಾದರೆ ರಾಶಿಯ ಪ್ರಕಾರ ಅವನ್ನು ಬೇರ್ಪಡಿಸುವುದು ಹೇಗೆ?

● ಉತ್ತರ ಇರುವುದು ಕಾಂತಕ್ಕಿಂತ ಮೊದಲಿನ ಹಂತದಲ್ಲಿ. ಎಲ್ಲ ಅಯಾನುಗಳನ್ನೂ ಒಂದೇ ವೋಲ್ಟೇಜಿನಿಂದ ದೂಡುತ್ತಾರೆ. ಒಂದೇ ಆವೇಶದವಕ್ಕೆಲ್ಲ ಒಂದೇ ಶಕ್ತಿ ಸಿಗುತ್ತದೆ. ವೇಗವನ್ನು ರಾಶಿಯೇ ತೀರ್ಮಾನಿಸುತ್ತದೆ. ಆಗ

r = (1/B)√(2mV/q)

● ನಿಯಾನ್ ಇಟ್ಟುಕೊಂಡು ಲೆಕ್ಕ ಹಾಕಿದೆ. 1000 ವೋಲ್ಟ್, 0.2 ಟೆಸ್ಲಾ. ನಿಯಾನ್-20 ಸೆಕೆಂಡಿಗೆ ಸುಮಾರು 98 ಕಿ.ಮೀ. ವೇಗದಲ್ಲಿ ಹೊಕ್ಕು 10.2 ಸೆಂ.ಮೀ. ತ್ರಿಜ್ಯದಲ್ಲಿ ತಿರುಗುತ್ತದೆ. ನಿಯಾನ್-22ರ ವೇಗ 94 ಕಿ.ಮೀ., ತ್ರಿಜ್ಯ 10.7 ಸೆಂ.ಮೀ. ರಾಶಿ ಶೇ. 10ರಷ್ಟು ಹೆಚ್ಚಿದರೂ ತ್ರಿಜ್ಯ ಹೆಚ್ಚಿದ್ದು ಶೇ. 5ರಷ್ಟೇ, ಏಕೆಂದರೆ ಭಾರದ ಅಯಾನು ನಿಧಾನವೂ ಹೌದು. ಆದರೂ ಅರ್ಧ ಸುತ್ತು ಮುಗಿಸಿ ಬೀಳುವಲ್ಲಿ ಎರಡರ ನಡುವೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಅಂತರ. ಕಣ್ಣಳತೆಗೆ ಸಿಗುವಷ್ಟು!

● ಕೇಂಬ್ರಿಜ್‌ನಲ್ಲಿ ಜೆ.ಜೆ. ಥಾಮ್ಸನ್ 1912-13ರಲ್ಲಿ ನಿಯಾನಿನ ಗೆರೆಯ ಪಕ್ಕ 22ರ ಜಾಗದಲ್ಲಿ ಇನ್ನೊಂದು ಮಸುಕು ಗೆರೆ ಕಂಡರು. 1919ರಲ್ಲಿ ಆಸ್ಟನ್ ತಮ್ಮ ಹೊಸ ಉಪಕರಣದಿಂದ ಅದೂ ನಿಯಾನೇ ಎಂದು ಸ್ಥಿರಪಡಿಸಿದರು. ನಿಯಾನಿನ ಪರಮಾಣು ತೂಕ 20.2 ಎಂಬ ಮುರುಕು ಸಂಖ್ಯೆ ಏಕೆ ಎಂಬುದೂ ಬಗೆಹರಿಯಿತು: ಶೇ. 90ರಷ್ಟು 20, ಶೇ. 9ರಷ್ಟು 22, ಅವುಗಳ ಸರಾಸರಿ ಅದು.

● ಮತ್ತೊಂದು ತೊಡಕು. ಸೂತ್ರದಲ್ಲಿ m ಒಂಟಿಯಾಗಿಲ್ಲ, m/q ಆಗಿ ಕೂತಿದೆ. ಉಪಕರಣದೊಳಗೆ ಗಾಳಿ ಸ್ವಲ್ಪ ಉಳಿದಿದ್ದರೆ ಅದರ ಆರ್ಗಾನ್-40 ಎರಡು ಎಲೆಕ್ಟ್ರಾನ್ ಕಳೆದುಕೊಂಡು 40/2 ಆಗುತ್ತದೆ, ಅಂದರೆ 20. ಅದು ಬಂದು ಬೀಳುವುದು ನಿಯಾನಿನ ಜಾಗದಲ್ಲೇ. ಕಾಂತಕ್ಕೆ ಇವೆರಡರ ಭೇದ ಗೊತ್ತಾಗುವುದು ತೀರಾ ಕಷ್ಟ: ನಿಯಾನಿನದು 19.99, ಆರ್ಗಾನಿನದು 19.98.

● ಪತ್ತೆ ಹಚ್ಚುವುದು ಹೇಗೆ? ಅಯಾನು ಮಾಡಲು ಬಡಿಯುವ ಎಲೆಕ್ಟ್ರಾನುಗಳ ಶಕ್ತಿಯನ್ನು 40 ಎಲೆಕ್ಟ್ರಾನ್‌ವೋಲ್ಟ್‌ಗೆ ಇಳಿಸಬೇಕು. ಆರ್ಗಾನಿನಿಂದ ಎರಡು ಎಲೆಕ್ಟ್ರಾನ್ ಕೀಳಲು 43ಕ್ಕೂ ಹೆಚ್ಚು ಬೇಕು. ನಿಯಾನಿನಿಂದ ಒಂದನ್ನು ಕೀಳಲು 21.6 ಸಾಕು. ಆಗಲೂ 20ರಲ್ಲಿ ಉಳಿದ ಸಂಕೇತದಲ್ಲಿ ಆರ್ಗಾನಿನ ಪಾಲಿಲ್ಲ. ಕಾಂತ ಬಿಡಿಸಲಾಗದ ಗಂಟನ್ನು ಬಿಡಿಸಬೇಕಾದದ್ದು ಅಯಾನು ಹುಟ್ಟುವ ಜಾಗದಲ್ಲಿ.