ಒಂದೇ ಲೆಕ್ಕ, ಎರಡು ಪುಟ

ಹೈದರಾಬಾದಿನ ಆಬಿಡ್ಸ್‌ನಲ್ಲಿರುವ ಡಾಕ್ ಸದನದಂತಹ ಕಚೇರಿಗೆ ಮೂರು ತಿಂಗಳಿಗೊಮ್ಮೆ ಏರುವ ಲೆಕ್ಕವೂ ಹಳ್ಳಿಯ ಶಾಖಾ ಅಂಚೆಪಾಲಕರಿಗೆ ಇಳಿಯುವ ಲೆಕ್ಕವೂ ಒಂದೇ. ಆದರೆ ಒಂದೇ ಪುಟ ಇಬ್ಬರಿಗೂ ಸಾಲದು. 1995ರಲ್ಲಿ ಆರಂಭವಾದ ಗ್ರಾಮೀಣ ಅಂಚೆ ಜೀವ ವಿಮೆಯ ಮಾರಾಟವನ್ನೇ ನೋಡೋಣ.

ಒಂದು ಕಲ್ಪಿತ ಉಪವಿಭಾಗದಲ್ಲಿ 40 ಶಾಖೆಗಳಿವೆ ಎನ್ನೋಣ. ತ್ರೈಮಾಸಿಕದ ಹೊಸ ಪ್ರೀಮಿಯಂ ಗುರಿ 4 ಲಕ್ಷ, ಬಂದದ್ದು 3.2 ಲಕ್ಷ, 64 ಪಾಲಿಸಿಗಳಿಂದ. ಶೇ. 80 ಎಂದು ಬರೆದರೆ ಮೇಲಧಿಕಾರಿಗಳಿಗೆ ತಿಳಿಯುವುದು ಅಲ್ಪ. ಅದರಲ್ಲಿ ಅರ್ಧವನ್ನು ಐದೇ ಶಾಖೆಗಳು ತಂದಿವೆ, 11 ಶಾಖೆಗಳಲ್ಲಿ ಒಂದೂ ಪಾಲಿಸಿಯಿಲ್ಲ, ಆ ಹನ್ನೊಂದರಲ್ಲಿ ಏಳಕ್ಕೆ ಕಾಯಂ ಅಂಚೆಪಾಲಕರೇ ಇಲ್ಲ ಎಂದಾಗ ಮಾತ್ರ ಅವರು ಕೈಗೊಳ್ಳಬೇಕಾದ ನಿರ್ಣಯ ಕಾಣುತ್ತದೆ: ಆ ಹುದ್ದೆಗಳನ್ನು ತುಂಬುವುದು. ಅವರ ಪುಟ ಇಂತಹ ಒಂದೆರಡು ನಿರ್ಣಯಗಳ ಸುತ್ತ ನಿಂತರೆ ಸಾಕು.

ಇದೇ ಪುಟವನ್ನು ಶಾಖೆಯವರ ಸಭೆಯಲ್ಲಿ ಓದಿದರೆ ಅದು ಶ್ರೇಣಿಪಟ್ಟಿಯಾಗುತ್ತದೆ. ಸೊನ್ನೆಯವರು ತಲೆತಗ್ಗಿಸುತ್ತಾರೆ, ಮುಂದಿನ ಅವಧಿಯ ಕಡೆಯ ದಿನಗಳಲ್ಲಿ ನೆಂಟರಿಷ್ಟರ ಹೆಸರಿನಲ್ಲಿ ಪಾಲಿಸಿ ಮಾಡಿಸಿ ಸೊನ್ನೆಯನ್ನು ಅಳಿಸುತ್ತಾರೆ. ಮೊದಲ ಕಂತಿನ ನಂತರ ಎರಡನೆಯದು ಬಾರದಿರುವುದೇ ಇದರ ಗುರುತು.

ಆ ಗುರುತು ಮೇಲಿನ ಪುಟದಲ್ಲಿ ತಡವಾಗಿ ಮೂಡುತ್ತದೆ. ಮೂರು ವರ್ಷ ತುಂಬದ ಪಾಲಿಸಿ ಲ್ಯಾಪ್ಸ್ ಎನಿಸುವುದು ಆರು ತಿಂಗಳ ಕಂತು ಬಾಕಿಯಾದ ಮೇಲೆ, ಅಂದರೆ ಎರಡು ತ್ರೈಮಾಸಿಕಗಳಾಚೆ. ಅಷ್ಟರಲ್ಲಿ ಹಳೆಯ ಶೇ. 80 ಪ್ರಶಂಸೆಗೂ ಪಾತ್ರವಾಗಿರಬಹುದು. ಆದುದರಿಂದ ಲ್ಯಾಪ್ಸ್‌ಗಾಗಿ ಕಾಯದೆ ಎರಡನೆಯ ಕಂತನ್ನೇ ಎಣಿಸಬೇಕು. ಕೊನೆಯ ತಿಂಗಳಿನ ಪಾಲಿಸಿಗಳಿಗೆ ಅದು ಇನ್ನೂ ಬಾಕಿ ಬಿದ್ದಿರುವುದಿಲ್ಲವಾಗಿ ಅವನ್ನು ಬದಿಗಿಡೋಣ. ನಮ್ಮ ಉದಾಹರಣೆಯಲ್ಲಿ ಮೊದಲೆರಡು ತಿಂಗಳ 40 ಪಾಲಿಸಿಗಳಲ್ಲಿ 12ಕ್ಕೆ ಎರಡನೆಯ ಕಂತು ಬಂದಿಲ್ಲ ಎನ್ನೋಣ. ಮೇಲಧಿಕಾರಿಗಳಿಗೆ ಇದು ಒಂದು ಸಾಲು: ಹತ್ತರಲ್ಲಿ ಮೂರು ನಿಲ್ಲುವಂತಿಲ್ಲ.

ಅಂಚೆಪಾಲಕರಿಗಾದರೋ ಈ 12 ಒಂದು ಸಂಖ್ಯೆಯಲ್ಲ. ತಮ್ಮ ಶಾಖೆಯ ಪಾಲಿಗೆ ಬಂದ ಇಬ್ಬರು ಮೂವರು ಗ್ರಾಹಕರ ಹೆಸರು, ಬಾಕಿಯ ಮೊತ್ತ, ಕಂತಿನ ದಿನ, ಇಷ್ಟೇ ಅವರ ಪುಟ. ಅದು ತೆಲುಗಿನಲ್ಲಿರಲಿ, ಶೇಕಡಾವಾರು ಬೇಡ. ನಾಳೆ ಟಪಾಲು ಹಂಚಲು ಹೋಗುವ ಓಣಿಯಲ್ಲಿಯೇ ಆ ಮನೆಯಿದ್ದರೆ, ಕೂಲಿಯ ವಾರವೋ ಫಸಲಿನ ತಿಂಗಳೋ ಎಂದು ಕೇಳಿ ತಿಳಿಯುವುದು ಅವರಿಂದ ಮಾತ್ರ ಸಾಧ್ಯ. ಆ ಉತ್ತರವನ್ನು ಬರೆಯಲು ಪುಟದಲ್ಲಿ ಒಂದು ಖಾಲಿ ಕಲಮು ಇರಬೇಕು; ಮುಂದಿನ ಸಲ ಮೇಲಿನ ಪುಟದ ಕಾರಣಗಳು ಬರುವುದು ಅಲ್ಲಿಂದಲೇ.

ಎರಡೂ ಪುಟಗಳು ಒಂದೇ ಪಟ್ಟಿಯಿಂದ, ಒಂದೇ ದಿನಾಂಕದವರೆಗಿನ ಲೆಕ್ಕದಿಂದ ಹುಟ್ಟಬೇಕೆಂಬುದು ಮಾತ್ರ ಸಡಿಲಿಸಲಾಗದ ನಿಯಮ. ಶಾಖೆಗಳಿಗೆ ಕೊಟ್ಟ ಹೆಸರುಗಳನ್ನು ಕೂಡಿದರೆ ಮೇಲೆ ಬರೆದ 12 ಬರಬೇಕು. ಬಾರದಿದ್ದರೆ ನಾವು ಎರಡು ಪುಟಗಳನ್ನಲ್ಲ, ಎರಡು ಕತೆಗಳನ್ನು ಬರೆದಂತಾಯಿತು.